ಪಿಪಿಎಫ್ ಖಾತೆ: ಅರ್ಧ ಹಣವೆಂದರೆ ಯಾವ ವರ್ಷದ ಅರ್ಧ?

ಹಾನಗಲ್ಲ ತಾಲ್ಲೂಕಿನ ಶಿಕ್ಷಕ ಬಂಧುಗಳೊಬ್ಬರು ತಮ್ಮ ಪಾಸ್‌ಬುಕ್ಕನ್ನು ನಮ್ಮ ಮುಂದಿರಿಸಿ ಕೇಳಿದ ಪ್ರಶ್ನೆ ಈ ಸಲದ ಅಂಕಣಕ್ಕೆ ಕಾರಣವಾಗಿದೆ. ಅವರು ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್ ಖಾತೆಯನ್ನು 2021ರ ಮಾರ್ಚ್ 20ರಂದು 40,000 ರೂಪಾಯಿಗಳೊಂದಿಗೆ ತೆರೆದು, ತರುವಾಯ ಪ್ರತಿವರ್ಷ ಏಪ್ರಿಲ್ ಮೊದಲ ವಾರದೊಳಗೆ ಅಷ್ಟೇ ಹಣ ತುಂಬುತ್ತ ಬಂದವರು. ಮಗಳ ಇಂಜಿನಿಯರಿಂಗ್ ವ್ಯಾಸಂಗಕ್ಕೆ 2026-27ರಲ್ಲಿ ಖಾತೆಯ ಅರ್ಧ ಹಣ, ಅಂದರೆ ಒಂದೂವರೆ ಲಕ್ಷ, ಕೈಗೆ ಬರುವುದೆಂದು ಅವರು ನಂಬಿದ್ದರು. ಲೆಕ್ಕ ಮಾಡಿ ನೋಡಿದಾಗ ಬರುವುದು ಸುಮಾರು 67,300 ರೂಪಾಯಿ ಮಾತ್ರ. ಮನೆಯವರ ಮುಖ ಬಾಡಿದ್ದು ಸಹಜವೇ.

ಪಿಪಿಎಫ್ ಹದಿನೈದು ವರ್ಷಗಳ ಯೋಜನೆ. ಆದರೆ ಈ ಎಣಿಕೆ ಖಾತೆ ತೆರೆದ ದಿನದಿಂದಲ್ಲ, ತೆರೆದ ಆರ್ಥಿಕ ವರ್ಷದ ಕೊನೆಯಿಂದ, ಎಂದರೆ ಮಾರ್ಚ್ 31ರಿಂದ ಆರಂಭವಾಗುತ್ತದೆ. ಆದಕಾರಣ ಈ ಬಂಧುಗಳ ಖಾತೆ 2036ರ ಮಾರ್ಚ್ 31ಕ್ಕೆ ಪಕ್ವವಾಗುತ್ತದೆ. ಹನ್ನೆರಡು ದಿನ ತಡೆದು ಏಪ್ರಿಲ್ 1ರಂದು ತೆರೆದಿದ್ದರೆ ಇಡೀ ಒಂದು ವರ್ಷ ಮುಂದೆ ಹೋಗುತ್ತಿತ್ತು. ನಡುವೆ ಹಣ ತೆಗೆಯುವುದಕ್ಕೂ ಇದೇ ಎಣಿಕೆ: ಆ ಮಾರ್ಚ್ 31ರಿಂದ ಐದು ವರ್ಷ ಕಳೆದ ಮೇಲೆ, ವರ್ಷಕ್ಕೆ ಒಂದು ಸಲ ಮಾತ್ರ. ಇವರಿಗೆ ಆ ಬಾಗಿಲು ತೆರೆಯುವುದು 2026ರ ಏಪ್ರಿಲ್ 1ರಿಂದ.

ಇನ್ನು 'ಅರ್ಧ' ಎಂಬ ಮಾತು. ಹಣ ತೆಗೆಯುವ ವರ್ಷಕ್ಕೆ ಹಿಂದಿನ ನಾಲ್ಕನೆಯ ವರ್ಷದ ಕೊನೆಯಲ್ಲಿದ್ದ ಶಿಲ್ಕು, ನಿಕಟಪೂರ್ವ ವರ್ಷದ ಕೊನೆಯ ಶಿಲ್ಕು, ಈ ಎರಡರಲ್ಲಿ ಯಾವುದು ಕಡಿಮೆಯೋ ಅದರ ಅರ್ಧ. 2026-27ರಿಂದ ಹಿಂದಕ್ಕೆ ಎಣಿಸಿದರೆ ನಾಲ್ಕನೆಯದು 2022-23. ಶೇ. 7.1ರ ಬಡ್ಡಿಯಂತೆ 2023ರ ಮಾರ್ಚ್ ಕೊನೆಗೆ ಖಾತೆಯಲ್ಲಿದ್ದುದು ಸುಮಾರು 1,34,600 ರೂಪಾಯಿ. 2026ರ ಮಾರ್ಚ್ ಕೊನೆಯ ಲೆಕ್ಕ 3,03,200 ಆದರೂ, ಅದರ ಅರ್ಧವನ್ನು ಕೇಳುವ ಹಕ್ಕು ಆಗ ಇರುವುದಿಲ್ಲ. ನಿಯಮ ಕಟುವೆನಿಸಿದರೂ ಉಳಿತಾಯವು ನಡುದಾರಿಯಲ್ಲೇ ಕರಗದಂತೆ ತಡೆಯುವುದು ಇದೇ ಎಂದು ನಾವು ಭಾವಿಸುತ್ತೇವೆ.

ಬಡ್ಡಿಯ ವಿಷಯದಲ್ಲಿ ಇದೇ ಬಂಧುಗಳು ತಿಳಿದೋ ತಿಳಿಯದೆಯೋ ಒಳ್ಳೆಯ ರೂಢಿ ಇಟ್ಟುಕೊಂಡಿದ್ದರು. ಪ್ರತಿ ತಿಂಗಳ 5ನೆಯ ತಾರೀಖಿನ ಸಂಜೆಯಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿರುವ ಅತಿ ಕಡಿಮೆ ಶಿಲ್ಕಿಗೆ ಆ ತಿಂಗಳ ಬಡ್ಡಿ ಲೆಕ್ಕವಾಗುತ್ತದೆ. 40,000 ರೂಪಾಯಿಯನ್ನು ಏಪ್ರಿಲ್ 5ರ ಬದಲು 6ರಂದು ತುಂಬಿದರೆ ಸುಮಾರು 237 ರೂಪಾಯಿ ನಷ್ಟ; ಮುಂದಿನ ಮಾರ್ಚ್ 20ಕ್ಕೆ ತುಂಬಿದರೆ ಆ ವರ್ಷದ 2,840 ರೂಪಾಯಿಯೂ ಇಲ್ಲ. ಚೆಕ್ ಕೊಡುವವರು ಕೆಲವು ದಿನ ಮೊದಲೇ ಕೊಡುವುದು ಲೇಸು. ಲೆಕ್ಕ ತಿಂಗಳಿಗೊಮ್ಮೆ ನಡೆದರೂ ಜಮೆಯಾಗುವುದು ಮಾರ್ಚ್ 31ರಂದು ಒಂದೇ ಸಲ. ಆದುದರಿಂದ ದೀಪಾವಳಿಯ ಹೊತ್ತಿಗೆ ಪಾಸ್‌ಬುಕ್ಕಿನಲ್ಲಿ ಬಡ್ಡಿ ಕಾಣಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಏಪ್ರಿಲ್‌ನಲ್ಲಿ ನಮೂದು ಮಾಡಿಸಿ ನೋಡಬೇಕು.

ಸಂಬಳದ ಮನೆಗಳಿಗೆ ಏಪ್ರಿಲ್ ಅನುಕೂಲವಾದರೂ ಒಕ್ಕಲುತನದ ಮನೆಗಳಿಗೆ ಹಾಗಲ್ಲ. ಹಿರೇಕೆರೂರ, ಶಿಗ್ಗಾಂವಿ ಕಡೆಯ ಗೋವಿನಜೋಳ, ಹತ್ತಿಯ ಹಣ ಸುಗ್ಗಿಯ ನಂತರ ಬರುತ್ತದೆ. ಸವಣೂರಿನ ಎಲೆತೋಟದವರಿಗೆ ಸ್ವಲ್ಪ ಸ್ವಲ್ಪವಾಗಿ ಕೈಸೇರುತ್ತದೆ. ವರ್ಷದಲ್ಲಿ ಎಷ್ಟು ಕಂತುಗಳಲ್ಲಾದರೂ ತುಂಬಬಹುದು. ಒಟ್ಟು 500 ರೂಪಾಯಿಗೆ ಕಡಿಮೆಯಾಗಬಾರದು, 1,50,000 ಮೀರಬಾರದು. ಅಪ್ರಾಪ್ತ ಮಗುವಿನ ಹೆಸರಿನ ಖಾತೆಗೆ ಪಾಲಕರು ತುಂಬಿದ್ದೂ ಈ ಮಿತಿಯೊಳಗೇ ಸೇರುತ್ತದೆ. ಮಳೆ ಕೈಕೊಟ್ಟ ವರ್ಷ 500 ರೂಪಾಯಿಯನ್ನೂ ತುಂಬದಿದ್ದರೆ ಖಾತೆ ಸ್ಥಗಿತಗೊಂಡು ಹಿಂಪಡೆಯುವ ಸೌಲಭ್ಯವೂ ನಿಲ್ಲುತ್ತದೆ. ತಪ್ಪಿದ ಪ್ರತಿ ವರ್ಷಕ್ಕೆ 500 ರೂಪಾಯಿಯ ಜೊತೆಗೆ 50 ರೂಪಾಯಿ ದಂಡ ಕಟ್ಟಿದರೆ ಮತ್ತೆ ಚಾಲನೆಗೆ ಬರುತ್ತದೆ.

ತೆರಿಗೆಗಾಗಿಯೇ ಖಾತೆ ತೆರೆಯುವವರು ಒಂದು ಮಾತು ಗಮನಿಸಬೇಕು. ತುಂಬಿದ ಹಣಕ್ಕೆ ಆದಾಯದಲ್ಲಿ ವಿನಾಯಿತಿ ದೊರೆಯುವುದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ. ಬಡ್ಡಿಗೂ ಕೊನೆಯಲ್ಲಿ ಬರುವ ಮೊತ್ತಕ್ಕೂ ಎರಡೂ ಪದ್ಧತಿಗಳಲ್ಲಿ ತೆರಿಗೆಯಿಲ್ಲ. ಕೃಷಿ ಆದಾಯವೊಂದೇ ಇರುವ ಮನೆಗೆ ಮೊದಲನೆಯ ಲಾಭದ ಪ್ರಶ್ನೆಯೇ ಏಳುವುದಿಲ್ಲ.

ಶಿಕ್ಷಕ ಬಂಧುಗಳು ಖಾತೆಯನ್ನೇ ಮುಚ್ಚಿಬಿಡುವ ವಿಚಾರದಲ್ಲಿದ್ದರು. ಐದು ವರ್ಷ ಕಳೆದ ಬಳಿಕ ಉನ್ನತ ವ್ಯಾಸಂಗಕ್ಕಾಗಿ ಹಾಗೆ ಮಾಡಲು ಅವಕಾಶವುಂಟು; ಆದರೆ ಖಾತೆ ತೆರೆದಂದಿನಿಂದಲೂ ಬಡ್ಡಿಯ ದರ ಶೇ. 1ರಷ್ಟು ಕಡಿಮೆಯಾಗುತ್ತದೆ. ನಾವು ಇನ್ನೊಂದು ಲೆಕ್ಕ ತೋರಿಸಿದೆವು. 2027-28ಕ್ಕೆ ನಾಲ್ಕನೆಯ ಹಿಂದಿನ ವರ್ಷ 2023-24. ಅದರ ಕೊನೆಯ ಶಿಲ್ಕು ಸುಮಾರು 1,87,000, ಅರ್ಧ 93,500. ಕಾಲೇಜಿನ ಶುಲ್ಕವೂ ವರ್ಷವರ್ಷವೇ ಬರುವಂಥದು. ಮೊದಲ ವರ್ಷ 67,300, ಮರುವರ್ಷ 93,500 ಪಡೆದು, ಕೊರತೆಯನ್ನು ಸಂಬಳದಿಂದ ತುಂಬುವುದೆಂದು ಮನೆಯವರು ಒಪ್ಪಿದರು. ಹಿಂಪಡೆಯಲು ಬೇಕಾದ 2ನೆಯ ನಮೂನೆಯನ್ನು ತರಲು ಅವರ ಮಗಳೇ ಹೋಗುವವಳಿದ್ದಾಳೆ.