ಕೀಮೋದ ಸುಸ್ತು ಅಂದುಕೊಂಡಿದ್ದೆವು

ನಾನು ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದಾಗ ಅಮ್ಮನಿಗೆ ಸ್ತನ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ. ಮೊದಲೆರಡು ಸಲ ಅಮ್ಮ ಗಟ್ಟಿಯಾಗಿಯೇ ಇದ್ದಳು. ಮೂರನೆಯದು ಮುಗಿದ ಮೇಲೆ ಹಾಸಿಗೆ ಬಿಟ್ಟು ಏಳುವುದೇ ಕಡಿಮೆಯಾಯಿತು. ಊಟ ಸೇರುತ್ತಿರಲಿಲ್ಲ. ರಾತ್ರಿ ಮೂರು ಗಂಟೆಗೆ ನೀರು ಕುಡಿಯಲು ಎದ್ದರೆ ಅಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು. 'ಕೀಮೋ ಅಂದ್ರೆ ಹಾಗೇನೇ' ಎಂದು ನೆಂಟರು ಹೇಳಿದರು. ನಾವೂ ನಂಬಿದೆವು.

ಒಂದು ದಿನ ಅಮ್ಮ ಹೇಳಿದಳು: 'ಇನ್ನು ನನ್ನ ಮೇಲೆ ದುಡ್ಡು ಸುರೀಬೇಡಿ ಕಣೋ. ನಾಲ್ಕನೇ ಕೀಮೋ ಬೇಡ. ನಿನ್ನ ಫೀಸಿಗಾದ್ರೂ ಆಗುತ್ತೆ.' ಅಪ್ಪ ಬೈದರು, ನಾನು ಅತ್ತೆ. ಅದು ಕಾಯಿಲೆಯ ಮಾತಾಗಿರಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಡೇ ಕೇರ್ ವಾರ್ಡಿನ ಸಿಸ್ಟರ್ ಒಬ್ಬರಿಗೆ. ನಾಲ್ಕನೇ ಕೀಮೋಗೆ ಹೇಗೋ ಒಪ್ಪಿಸಿ ಕರೆದೊಯ್ದಿದ್ದೆವು. ಅವರು ಬಿ.ಪಿ. ನೋಡುತ್ತಾ ಎರಡೇ ಪ್ರಶ್ನೆ ಕೇಳಿದರು. 'ಅಮ್ಮಾ, ಕಳೆದ ಎರಡು ವಾರದಲ್ಲಿ ಮನಸ್ಸಿಗೆ ಬೇಸರ, ಏನೂ ದಾರಿಯಿಲ್ಲ ಅಂತ ಎಷ್ಟು ದಿನ ಅನ್ನಿಸಿತು? ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಬೇಡ ಅಂತ ಎಷ್ಟು ದಿನ ಅನ್ನಿಸಿತು?' ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಎರಡೂ ಸೇರಿ ಮೂರು ದಾಟಿದರೆ ಅಥವಾ ಮೂರೇ ಬಂದರೂ ಮುಂದಿನ ಪರೀಕ್ಷೆ ಬೇಕು. ಅಮ್ಮನಿಗೆ ಐದು ಬಂತು.

ಆಗ ನನಗೆ ಮನೆಯ ಮಲ್ಲಿಗೆ ಗಿಡ ನೆನಪಾಯಿತು. ಶಸ್ತ್ರಚಿಕಿತ್ಸೆ ಆದ ಹತ್ತನೇ ದಿನವೇ ಒಂದು ಕೈಯಲ್ಲಿ ಚೊಂಬು ಹಿಡಿದು ನೀರು ಹಾಕಿದ್ದ ಅಮ್ಮ, ಒಂದು ತಿಂಗಳಿಂದ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಗಿಡ ಒಣಗಿತ್ತು. ನಾವ್ಯಾರೂ ಗಮನಿಸಿರಲಿಲ್ಲ.

ಕ್ಯಾನ್ಸರ್ ಇರುವವರಲ್ಲಿ ಖಿನ್ನತೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವೇ ಇದು. ಸುಸ್ತು, ನಿದ್ದೆಗೇಡು, ಹಸಿವಿಲ್ಲದಿರುವುದು, ತೂಕ ಇಳಿಯುವುದು ಖಿನ್ನತೆಯಿಂದಲೂ ಆಗುತ್ತವೆ, ಕೀಮೋದಿಂದಲೂ ಆಗುತ್ತವೆ. ಲ್ಯಾಬ್‌ನಲ್ಲಿ ಒಂದೇ ರೀಡಿಂಗ್‌ಗೆ ಎರಡು ಕಾರಣ ಇದ್ದಾಗ ನಾವು ಬೇರೆ ಕಡೆ ಅಳೆದು ನೋಡುತ್ತೇವಲ್ಲ, ಹಾಗೆಯೇ ಇಲ್ಲಿಯೂ ಮೈಯನ್ನು ಬಿಟ್ಟು ಮನಸ್ಸನ್ನು ಕೇಳಬೇಕು. ಕೀಮೋದಿಂದ ಸುಸ್ತಾದವರಿಗೆ ಮೊಮ್ಮಗು ಬಂದರೆ ಎತ್ತಿಕೊಳ್ಳುವ ಆಸೆ ಇರುತ್ತದೆ, ಶಕ್ತಿ ಇರುವುದಿಲ್ಲ. ಖಿನ್ನತೆಯಲ್ಲಿ ಆ ಆಸೆಯೇ ಇರುವುದಿಲ್ಲ. ಜೊತೆಗೆ 'ನಾನು ಎಲ್ಲರಿಗೂ ಭಾರ', 'ನನ್ನ ತಪ್ಪಿಗೇ ಹೀಗಾಯ್ತು' ಎಂಬ ಮಾತುಗಳು ಬರುತ್ತವೆ. ಕ್ಯಾನ್ಸರ್ ಎಂದು ಕೇಳಿದ ಮೊದಲ ದಿನಗಳಲ್ಲಿ ಅಳು, ಭಯ, ನಿದ್ದೆ ಬಾರದಿರುವುದು ಸಹಜ. ಅದು ಅಲೆಯಂತೆ ಬಂದು ಹೋಗುತ್ತದೆ. ಹೋಗದೆ, ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಉಳಿದರೆ ಅದನ್ನು ಪರೀಕ್ಷೆ ಮಾಡಿಸಲೇಬೇಕು.

ಸಿಸ್ಟರ್ ಅಮ್ಮನನ್ನು ಅದೇ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದರು. ಅಲ್ಲಿ ಒಂಬತ್ತು ಪ್ರಶ್ನೆಗಳ ಪಟ್ಟಿ. ಒಟ್ಟು 27 ಅಂಕದಲ್ಲಿ ಅಮ್ಮನಿಗೆ ಬಂದದ್ದು 17. ಕೊನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಇದನ್ನೆಲ್ಲ ಕೇಳಿ ಇಲ್ಲದ್ದನ್ನು ತಲೆಗೆ ಹಾಕುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ ಎಂದರು ಡಾಕ್ಟರ್. ಅಮ್ಮ 'ಬೆಳಿಗ್ಗೆ ಏಳದೇ ಇದ್ರೆ ಒಳ್ಳೇದು ಅನ್ಸುತ್ತೆ' ಎಂದಳು. ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಂಕ ನೋಡಿ ನೇರವಾಗಿ ಮಾತ್ರೆ ಬರೆದುಕೊಡಲಿಲ್ಲ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿದರು, ನೋವಿದೆಯೇ ಎಂದು ಕೇಳಿದರು. ಕೀಮೋ ಜೊತೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೂಡ ನಿದ್ದೆ ಕೆಡಿಸುತ್ತದೆ, ಮನಸ್ಸನ್ನು ಏರುಪೇರು ಮಾಡುತ್ತದೆ. ಹಾಗಾಗಿ ಅದನ್ನು ಯಾವ ದಿನ, ಯಾವ ಹೊತ್ತಿಗೆ ತೆಗೆದುಕೊಂಡಳೆಂದು ವಿಚಾರಿಸಿದರು. ಇವೆಲ್ಲವನ್ನೂ ಪಕ್ಕಕ್ಕಿಟ್ಟ ಮೇಲೂ ಖಿನ್ನತೆ ಉಳಿಯಿತು.

ಚಿಕಿತ್ಸೆ ಎರಡು ಬಗೆಯಲ್ಲಿ ನಡೆಯಿತು. ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಅಲ್ಲಿ 'ಧೈರ್ಯವಾಗಿರಿ' ಎಂದು ಯಾರೂ ಹೇಳಲಿಲ್ಲ. ಮಾರನೆಯ ದಿನ ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಗಂಟೆ ಸಮೇತ ಬರೆಸಿದರು: ಸಂಜೆ ಐದಕ್ಕೆ ಹತ್ತು ನಿಮಿಷ ಅಂಗಳದಲ್ಲಿ ನಡೆಯುವುದು, ಶನಿವಾರ ತಂಗಿಗೆ ಫೋನ್ ಮಾಡುವುದು. ಮನಸ್ಸು ಬಂದ ಮೇಲೆ ಮಾಡುವುದಲ್ಲ, ಮಾಡುತ್ತಾ ಮಾಡುತ್ತಾ ಮನಸ್ಸು ಬರುತ್ತದೆ ಎಂಬುದು ಅದರ ಲೆಕ್ಕ. ಆಸ್ಪತ್ರೆಯ ವಾಸನೆ ಬಂದರೇ ವಾಂತಿ ಬರುವಷ್ಟು ಆತಂಕವೂ ಅಮ್ಮನಿಗಿತ್ತು. ಅದಕ್ಕೆ ನಿಧಾನವಾಗಿ ಉಸಿರಾಡುತ್ತಾ ಮೈ ಸಡಿಲಿಸುವುದನ್ನು ಕಲಿಸಿದರು. ಜೊತೆಗೆ ರಾತ್ರಿ ಮಿರ್ಟಾಜಪೀನ್ ಮಾತ್ರೆ. ಅದು ನಿದ್ದೆ ಮತ್ತು ಹಸಿವು ಎರಡನ್ನೂ ಹೆಚ್ಚಿಸುವುದರಿಂದ ಅಮ್ಮನಿಗೆ ಹೊಂದುತ್ತದೆ ಎಂದು ಆರಿಸಿದ್ದು. ನಿದ್ದೆ ಕೆಲವೇ ದಿನಗಳಲ್ಲಿ ಬಂತು. ಆದರೆ ಮನಸ್ಸು ತಿಳಿಯಾಗಲು ಕೆಲವು ವಾರ ಬೇಕಾಗುತ್ತದೆ. 'ಏನೂ ಪ್ರಯೋಜನವಿಲ್ಲ' ಎಂದು ಬಹಳ ಮಂದಿ ಮಾತ್ರೆ ಬಿಡುವುದು ಈ ನಡುವಿನ ದಿನಗಳಲ್ಲೇ. ಡಾಕ್ಟರನ್ನು ಕೇಳದೆ ಬಿಡಬಾರದು.

ಕ್ಯಾನ್ಸರ್ ವೈದ್ಯರು ಮತ್ತು ಮನೋವೈದ್ಯರು ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಲೇಬೇಕು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಹಲವರಿಗೆ ವರ್ಷಗಟ್ಟಲೆ ಟಾಮೋಕ್ಸಿಫೆನ್ ಕೊಡುತ್ತಾರೆ. ಯಕೃತ್ತಿನ ಒಂದು ಕಿಣ್ವ ಅದನ್ನು ಬದಲಿಸಿದಾಗಲೇ ಅದರ ಬಲವಾದ ರೂಪ ಹುಟ್ಟುವುದು. ಖಿನ್ನತೆಗೆ ಕೊಡುವ ಪಾರಾಕ್ಸೆಟಿನ್, ಫ್ಲುವಾಕ್ಸೆಟಿನ್ ಮಾತ್ರೆಗಳು ಅದೇ ಕಿಣ್ವವನ್ನು ತಡೆಯುತ್ತವೆ. ಆದ್ದರಿಂದ ಟಾಮೋಕ್ಸಿಫೆನ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಇವೆರಡನ್ನು ಬಿಟ್ಟು ವೆನ್ಲಾಫಾಕ್ಸಿನ್, ಎಸ್ಸಿಟಲೋಪ್ರಾಮ್‌ನಂಥ ಬೇರೆ ಮಾತ್ರೆ ಆರಿಸುತ್ತಾರೆ. ಕೀಮೋ ಮುಗಿದು ಅಮ್ಮನಿಗೆ ಟಾಮೋಕ್ಸಿಫೆನ್ ಶುರುವಾದಾಗ ಮಿರ್ಟಾಜಪೀನ್ ಬದಲಿಸುವ ಅಗತ್ಯ ಬರಲಿಲ್ಲ. ಆದರೆ ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿಟ್ಟು ಇಬ್ಬರಿಗೂ ತೋರಿಸುವ ಕೆಲಸ ನನ್ನದಾಯಿತು.

ಎಂಟು ವಾರದಲ್ಲಿ 17 ಇದ್ದದ್ದು 7ಕ್ಕೆ ಇಳಿಯಿತು. ಇದರಿಂದ ಗಡ್ಡೆಯೇನೂ ಕರಗುವುದಿಲ್ಲ, ಕ್ಯಾನ್ಸರ್ ಚಿಕಿತ್ಸೆ ಕ್ಯಾನ್ಸರ್ ಚಿಕಿತ್ಸೆಯೇ. ಆದರೆ ಅಮ್ಮ ಉಳಿದ ಕೀಮೋಗಳನ್ನು ಬೇಡ ಎನ್ನದೆ ಮುಗಿಸಿದಳು.

ನಮ್ಮ ಅದೃಷ್ಟಕ್ಕೆ ಆ ದಿನ ಆ ಸಿಸ್ಟರ್ ಇದ್ದರು. ಅವರಿಲ್ಲದ ದಿನ ಬಂದವರ ಗತಿ? ನನ್ನ ವಾದ ಇಷ್ಟೇ: ಪ್ರತಿ ಕೀಮೋಗೂ ತೂಕ, ಬಿ.ಪಿ. ಬರೆದುಕೊಳ್ಳುವ ಹಾಳೆಯಲ್ಲಿ ಆ ಎರಡು ಪ್ರಶ್ನೆಗಳಿಗೂ ಎರಡು ಗೆರೆ ಇರಲಿ. ಕೇಳಿ ಸುಮ್ಮನಾದರೆ ಸಾಲದು, ಚಿಕಿತ್ಸೆ ಅದೇ ಸೂರಿನಡಿ ಸಿಗಬೇಕು. ಸ್ಕಾಟ್ಲೆಂಡ್‌ನಲ್ಲಿ ಖಿನ್ನತೆಯಿದ್ದ 500 ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ನರ್ಸ್‌ಗಳು ಮನೋವೈದ್ಯರ ಜೊತೆ ಸೇರಿ ನೋಡಿಕೊಂಡ ಗುಂಪಿನಲ್ಲಿ 24 ವಾರಕ್ಕೆ ಶೇ 62ರಷ್ಟು ಜನರ ಖಿನ್ನತೆ ಅರ್ಧಕ್ಕಿಂತ ಕೆಳಗೆ ಅಥವಾ ಅರ್ಧಕ್ಕೆ ಇಳಿದಿತ್ತು. ಎಂದಿನ ವ್ಯವಸ್ಥೆಯಲ್ಲಿದ್ದವರಲ್ಲಿ ಹಾಗೆ ಇಳಿದದ್ದು ಶೇ 17 ಮಂದಿಗೆ ಮಾತ್ರ. ಅಲ್ಲಿಯೂ ಎಲ್ಲವನ್ನೂ ಹಿಡಿದು ನಡೆಸಿದ್ದು ನರ್ಸ್‌ಗಳೇ.

ಆಸ್ಪತ್ರೆ ಕೇಳದಿದ್ದರೆ ಮನೆಯವರೇ ಆ ಎರಡು ಪ್ರಶ್ನೆ ಕೇಳಬಹುದು. ಉತ್ತರ ಕೇಳಿ ದಿಗಿಲಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಸಾಯುವ ಮಾತು ಬಂದರಂತೂ ಒಬ್ಬರನ್ನೇ ಬಿಡದೆ ಅಂದೇ ವೈದ್ಯರಿಗೆ ತೋರಿಸಬೇಕು.

ಮಲ್ಲಿಗೆ ಗಿಡ ಉಳಿಯಲಿಲ್ಲ. ಹೋದ ತಿಂಗಳು ಅಮ್ಮನೇ ನರ್ಸರಿಗೆ ಹೋಗಿ ಇನ್ನೊಂದು ತಂದಿದ್ದಾಳೆ.