ದಾನ ಕೊಟ್ಟೋನು ರಸೀದಿ ಕೇಳಿದ್ರೆ ಜುಗ್ಗನಾ?

"ಸಾರ್, ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರ್ದು ಅಂತ ದೊಡ್ಡೋರು ಹೇಳಿದಾರೆ. ನೀವು ನೋಡಿದ್ರೆ ತಿಂಗಳಿಗೆ ಮೂರು ಸಲ ಫೋನ್ ಮಾಡ್ತೀರಿ."

2024ರ ಜೂನ್ ಕೊನೆಯ ವಾರ, ಒಂದು ಟ್ರಸ್ಟಿನ ಮ್ಯಾನೇಜರ್ ನನಗೆ ಹೇಳಿದ ಮಾತಿದು. ಹಳ್ಳಿ ಮಕ್ಕಳಿಗೆ ಹಾಸ್ಟೆಲ್ ನಡೆಸುವ ಟ್ರಸ್ಟು. ಕೆಲಸ ಒಳ್ಳೇದು, ನಾನೇ ಹೋಗಿ ನೋಡಿ ಬಂದಿದ್ದೆ. ಜನವರಿಯಲ್ಲಿ ಅವರ ಬ್ಯಾಂಕ್ ಖಾತೆಗೆ 20,000 ರೂಪಾಯಿ ಹಾಕಿದ್ದೆ. ಬದಲಿಗೆ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಬಂತು, ಒಂದು ವಾರ ಬಿಟ್ಟು ಗುಲಾಬಿ ಬಣ್ಣದ ರಸೀದಿಯ ಫೋಟೋ ಬಂತು. ನಾನು ಕೇಳ್ತಿದ್ದದ್ದು ಅದನ್ನಲ್ಲ.

ಆ ಗಾದೆ ಮಾತನ್ನು ನಾನೂ ಕೇಳಿದ್ದೇನೆ. ಆದರೆ ನಾನು ಬೆಳೆದ ಊರಲ್ಲಿ ದಾನ ಹೇಗೆ ನಡೀತಿತ್ತು ಗೊತ್ತಾ? ಜಾತ್ರೆಗೆ ಚಂದಾ ಎತ್ತಿದ ಮೇಲೆ ಮೈಕಿನಲ್ಲಿ ಹೆಸರು ಹೇಳೋರು, ಐವತ್ತೊಂದು ರೂಪಾಯಿ ಕೊಟ್ಟೋರದ್ದನ್ನೂ ಬಿಡದೆ. ಗುಡಿಯೊಳಗಿನ ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ಹೆಸರು ಎಷ್ಟು ದಪ್ಪಕ್ಕೆ ಬರೆದಿರ್ತಿತ್ತು ಅಂದ್ರೆ ಅರ್ಧ ಬೆಳಕು ಹೆಸರೇ ನುಂಗ್ತಿತ್ತು. ಜಾತ್ರೆ ಮುಗಿದ ಮೇಲೆ ಅರಳೀಕಟ್ಟೆ ಮೇಲೆ ಕೂತು ಲೆಕ್ಕ ಓದೋರು. ಎಣ್ಣೆಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಉಳಿದದ್ದು ಇಷ್ಟು. ನಮ್ಮ ತಾತ ಒಂದು ಸಲ ಹನ್ನೆರಡು ರೂಪಾಯಿ ಲೆಕ್ಕ ತಪ್ಪಿದೆ ಅಂತ ಎದ್ದು ನಿಂತು ಕೇಳಿದ್ದನ್ನು ಅಪ್ಪ ಈಗಲೂ ಹೇಳ್ತಾರೆ. ಯಾರೂ ತಾತನನ್ನು ಜುಗ್ಗ ಅನ್ನಲಿಲ್ಲ. ಹಾಗಾಗಿ ಲೆಕ್ಕ ಕೇಳೋದು ಸಿಟಿಯವರ ಚಾಳಿ ಅಂತ ನನಗೆ ಪಾಠ ಮಾಡಬೇಡಿ ಸ್ವಾಮಿ.

ಈಗ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಮ್ಮ ಆಫೀಸಿನ ಬಹಳ ಜನಕ್ಕೆ ಇದು ಗೊತ್ತಿಲ್ಲ. 2021ರ ಏಪ್ರಿಲ್‌ಗೆ ಮುಂಚೆ ಟ್ರಸ್ಟು ತಾನೇ ಅಚ್ಚು ಹಾಕಿಸಿದ ರಸೀದಿ ಸಾಕಾಗಿತ್ತು. ಅದರಲ್ಲಿ ಟ್ರಸ್ಟಿನ ಹೆಸರು, ವಿಳಾಸ, ಪ್ಯಾನ್, 80ಜಿ ಅನುಮೋದನೆಯ ಸಂಖ್ಯೆ ಇದ್ದರೆ ಮುಗೀತು. ಈಗ ಹಾಗಲ್ಲ. ಆರ್ಥಿಕ ವರ್ಷ ಮುಗಿದ ಮೇಲೆ, ಮೇ 31ರೊಳಗೆ, ಟ್ರಸ್ಟಿನವರು ಯಾರು ಎಷ್ಟು ಕೊಟ್ಟರು ಅನ್ನೋ ಪಟ್ಟಿಯನ್ನು ಆದಾಯ ತೆರಿಗೆ ಪೋರ್ಟಲ್‌ಗೆ ಏರಿಸಬೇಕು. ಅದು ಫಾರ್ಮ್ 10ಬಿಡಿ. ಅದನ್ನು ಸಲ್ಲಿಸಿದ ಮೇಲೆ ಪ್ರತಿ ದಾನಿಯ ಹೆಸರಲ್ಲೂ ಪೋರ್ಟಲ್ಲೇ ಒಂದು ಪ್ರಮಾಣಪತ್ರ ತಯಾರಿಸಿಕೊಡುತ್ತೆ. ಅದು ಫಾರ್ಮ್ 10ಬಿಇ. ಅದನ್ನು ಡೌನ್‌ಲೋಡ್ ಮಾಡಿ ನಮಗೆ ಕೊಡೋದಕ್ಕೂ ಮೇ 31ರದ್ದೇ ಗಡುವು.

ನಮ್ಮ ಭಾಷೇಲಿ ಹೇಳೋದಾದ್ರೆ, ಗುಲಾಬಿ ರಸೀದಿ ಬರೀ ಸ್ಕ್ರೀನ್‌ಶಾಟು. ಡೇಟಾಬೇಸಿನಲ್ಲಿ ಎಂಟ್ರಿ ಬಿದ್ದಿದೆಯಾ ಅನ್ನೋದಕ್ಕೆ ಸಾಕ್ಷಿ 10ಬಿಇ. ಅದನ್ನು ಟ್ರಸ್ಟಿನವರು ಪ್ರೆಸ್ಸಿಗೆ ಹೋಗಿ ಅಚ್ಚು ಹಾಕಿಸೋಕಾಗಲ್ಲ. ಅದರಲ್ಲಿರೋ ಎಆರ್‌ಎನ್ ಸಂಖ್ಯೆ ಪೋರ್ಟಲ್ ಕೊಟ್ಟದ್ದು, ನಮ್ಮ ರಿಟರ್ನಿನ 80ಜಿ ಪುಟ ಕೇಳೋದೂ ಆ ಸಂಖ್ಯೆಯನ್ನೇ. ಅಂದ್ರೆ ನಾನು 10ಬಿಇ ಕೇಳಿದಾಗ ಒಂದು ಚೀಟಿ ಕೇಳ್ತಿಲ್ಲ, "ನಾನು ಕೊಟ್ಟ ದುಡ್ಡು ಟ್ರಸ್ಟಿಗೆ ಬಂತು ಅಂತ ಸರ್ಕಾರಕ್ಕೆ ಹೇಳಿದೀರಾ?" ಅಂತ ಕೇಳ್ತಿದೀನಿ. ಮ್ಯಾನೇಜರಿಗೆ ಮುಜುಗರ ಆಗಿದ್ದು ಇಲ್ಲೇ. ಅವರು 10ಬಿಡಿ ಹಾಕೇ ಇರಲಿಲ್ಲ.

ಗುಲಾಬಿ ರಸೀದಿಯನ್ನು ದೊಡ್ಡದು ಮಾಡಿ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ 80ಜಿ ಅನುಮೋದನೆ ಅಂತ ಇದ್ದದ್ದು 2009ರ ಒಂದು ಆದೇಶದ ಸಂಖ್ಯೆ. 2021ರಲ್ಲಿ ಹಳೇ ಅನುಮೋದನೆಯ ಟ್ರಸ್ಟುಗಳೆಲ್ಲ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಯ್ತು. ಆಗ ಸಿಕ್ಕ ಸಂಖ್ಯೆ ಟ್ರಸ್ಟಿನ ಪ್ಯಾನ್‌ನಿಂದಲೇ ಶುರುವಾಗುತ್ತೆ, ಅವಧಿ ಐದು ವರ್ಷ. ರಸೀದಿಯಲ್ಲಿ ಅದೂ ಇಲ್ಲ, ಪ್ಯಾನೂ ಇಲ್ಲ. ಕೇಳಿದೆ. ಹೊಸ ಅನುಮೋದನೆಯ ಪತ್ರ ಅವರ ಹತ್ರ ಇತ್ತು, ರಸೀದಿ ಪುಸ್ತಕ ಮಾತ್ರ ಹಳೇದು, "ಇನ್ನೂ ನಾಲ್ಕು ಬುಕ್ಕು ಉಳಿದಿದೆ ಸಾರ್" ಅಂದ್ರು. ಸರಿ, ಕಾಗದ ವೇಸ್ಟ್ ಮಾಡಬಾರ್ದು, ಒಪ್ಕೋತೀನಿ. ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದ್ರೆ ಆಗ್ತಿತ್ತು.

"ಅಷ್ಟು ಸಂಬಳ ತಗೊಂಡು ಎಷ್ಟು ಉಳಿಸ್ತೀಯೋ?" ಅಂತ ನನ್ನ ರೂಮ್‌ಮೇಟ್ ಆಗಿದ್ದವನೇ ನಕ್ಕ. ಲೆಕ್ಕ ಹೇಳ್ತೀನಿ ಕೇಳಿ. ಇಂಥ ಖಾಸಗಿ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಕಳೆಯೋಕೆ ಬರುತ್ತೆ, ಅದಕ್ಕೂ ಆದಾಯದ ಶೇಕಡ ಹತ್ತರ ಮಿತಿ ಇದೆ. ನಾನು ಕೊಟ್ಟದ್ದು ಆ ಮಿತಿಯ ಹತ್ರಕ್ಕೂ ಹೋಗಲ್ಲ. 20,000ದಲ್ಲಿ ಅರ್ಧ 10,000. ನಂದು 30 ಪರ್ಸೆಂಟಿನ ಸ್ಲ್ಯಾಬು, ಮೇಲೆ ಸೆಸ್, ಒಟ್ಟು 31.2. ಉಳಿಯೋದು 3,120 ರೂಪಾಯಿ. ಅದೂ ನಾನು ಹೋಮ್ ಲೋನಿನ ದೆಸೆಯಿಂದ ಹಳೇ ತೆರಿಗೆ ಪದ್ಧತಿಯಲ್ಲೇ ಇರೋದಕ್ಕೆ. ಹೊಸ ಪದ್ಧತಿಯಲ್ಲಿರೋರಿಗೆ 80ಜಿಯಿಂದ ಒಂದು ಪೈಸೆ ಉಳಿಯಲ್ಲ.

ಮೂರು ಸಾವಿರಕ್ಕೆ ಇಷ್ಟು ರಾದ್ಧಾಂತನಾ? ಮೂರು ಸಾವಿರ ನಮ್ಮೂರಲ್ಲಿ ಈಗಲೂ ದುಡ್ಡೇ, ಅದು ಬೇರೆ ಮಾತು. ಟ್ರಸ್ಟಿನ ಕಡೆಯ ಲೆಕ್ಕ ನೋಡಿ. 10ಬಿಡಿ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಅಂತ ಕಾನೂನಿದೆ. ಅದರ ಮೇಲೆ ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ದಂಡ ಹಾಕೋ ಅವಕಾಶ ಬೇರೆ. ಇವರು ಕೊನೆಗೆ ಸಲ್ಲಿಸಿದ್ದು ಸೆಪ್ಟೆಂಬರ್ 14ಕ್ಕೆ. ಜೂನ್ ಒಂದರಿಂದ ಎಣಿಸಿದ್ರೆ 106 ದಿನ, ಶುಲ್ಕದ ಲೆಕ್ಕ 21,200 ರೂಪಾಯಿ. ಹಾಸ್ಟೆಲ್ ಮಕ್ಕಳ ಅಕ್ಕಿಗೆ ಅಂತ ನಾನು ಕೊಟ್ಟದ್ದು 20,000. ಈಗ ಹೇಳಿ, ಜುಗ್ಗತನ ಮಾಡಿದ್ದು ನಾನಾ, ಫೋನ್ ಎತ್ತದೇ ಇದ್ದೋರಾ?

ನನ್ನ ಸಿಟ್ಟು ಟ್ರಸ್ಟಿನ ಮೇಲಷ್ಟೇ ಅಲ್ಲ. ಈ ಹೊಸ ಫಾರ್ಮು ಯಾಕೆ ಬಂತು? ನಮ್ಮಂಥೋರ ನಡುವೆಯೇ ಒಂದು ದಂಧೆ ನಡೀತಾ ಬಂದಿದೆ. ಐವತ್ತು ಸಾವಿರದ ಚೆಕ್ ಕೊಡೋದು, ರಸೀದಿ ತಗೊಳ್ಳೋದು, ಕಮಿಷನ್ ಮುರ್ಕೊಂಡು ಉಳಿದದ್ದನ್ನು ಕ್ಯಾಶಿನಲ್ಲಿ ವಾಪಸ್ ಇಸ್ಕೊಳ್ಳೋದು. ಕೆಲವರು ಆ ಚೆಕ್ಕನ್ನೂ ಕೊಡದೆ ರಿಟರ್ನಿನಲ್ಲಿ ಸುಮ್ಮನೆ ಒಂದು ಅಂಕಿ ತುಂಬೋರು. ಎರಡೂ ಕಡೆಯ ಲೆಕ್ಕ ತಾಳೆ ನೋಡೋಕೆ 10ಬಿಡಿ ಬಂತು. "ಮಾರ್ಚಿನಲ್ಲಿ ಒಂದು 80ಜಿ ರಸೀದಿ ಅಡ್ಜಸ್ಟ್ ಮಾಡ್ಸು ಗುರು" ಅಂತ ಕ್ಯಾಂಟೀನಿನಲ್ಲಿ ಕೇಳಿದೋರ ದೆಸೆಯಿಂದ, ನಿಜವಾಗಿ ಕೊಟ್ಟು ರಸೀದಿ ಕೇಳಿದೋನನ್ನೂ ಟ್ರಸ್ಟಿನವರು ಅದೇ ಕಣ್ಣಲ್ಲಿ ನೋಡ್ತಾರೆ.

ಇನ್ನು ನಮ್ಮ ಅವಸರ. ನಮ್ಮ ಟೀಮಿನ ಹುಡುಗಿಯೊಬ್ಬಳು ಬೇರೊಂದು ಕಡೆ ಪೋಸ್ಟರ್ ನೋಡಿ ಕ್ಯೂಆರ್ ಸ್ಕ್ಯಾನ್ ಮಾಡಿ 5,000 ಕಳಿಸಿದ್ಲು. ಪೋಸ್ಟರಿನ ಮೇಲೆ ಟ್ರಸ್ಟಿನ ಹೆಸರು ದಪ್ಪಗೆ ಇತ್ತು. ಫೋನಿನಲ್ಲಿ ಪಿನ್ ಒತ್ತೋ ಮುಂಚೆ ಕಾಣಿಸಿದ್ದು ಒಬ್ಬ ಮನುಷ್ಯನ ಹೆಸರು. ಆಕೆ ಗಮನಿಸಲಿಲ್ಲ. ಅದು ಒಬ್ಬ ಟ್ರಸ್ಟಿಯ ಸ್ವಂತ ಖಾತೆ. ಆತ ದುಡ್ಡನ್ನು ಮಕ್ಕಳಿಗೇ ಖರ್ಚು ಮಾಡಿರಬಹುದು, ನಾನು ಬೇಡ ಅನ್ನಲ್ಲ. ಆದರೆ ಆ ದುಡ್ಡು ಟ್ರಸ್ಟಿನ ಖಾತೆಗೆ ಬರಲಿಲ್ಲ ಅಂದ್ಮೇಲೆ ಆಕೆಯ ಹೆಸರಲ್ಲಿ 10ಬಿಇ ಎಲ್ಲಿಂದ ಹುಟ್ಟುತ್ತೆ? ಪಿನ್ ಒತ್ತೋ ಮುಂಚಿನ ಆ ಒಂದು ಪರದೆ, ಅದರಲ್ಲಿ ಯಾರ ಹೆಸರಿದೆ ಅಂತ ನೋಡಿ. ಕ್ಯಾಶ್ ಕೊಡೋದಾದರೆ ಇನ್ನೊಂದು ಮಾತು ನೆನಪಿರಲಿ. 2,000 ಮೀರಿದರೆ ಮೀರಿದ್ದಷ್ಟೇ ಅಲ್ಲ, ಕೊಟ್ಟ ಪೂರ್ತಿ ಮೊತ್ತಕ್ಕೂ ವಿನಾಯಿತಿ ಇಲ್ಲ. ಅಕ್ಕಿ ಮೂಟೆ, ಹಳೇ ಲ್ಯಾಪ್‌ಟಾಪ್ ಕೊಟ್ಟರೂ ಇಲ್ಲ.

ಈ ಕಥೆಯಲ್ಲಿ ನನ್ನ ತಪ್ಪೂ ಇದೆ. ಜನವರಿಯಲ್ಲಿ ದುಡ್ಡು ಹಾಕಿದ ದಿನ ನಾನು ಪ್ಯಾನ್ ಕಳಿಸಲೇ ಇಲ್ಲ. ದಾನಿಯ ಗುರುತಿನ ಸಂಖ್ಯೆ ಇಲ್ಲದೆ 10ಬಿಡಿಯ ಸಾಲು ತುಂಬೋಕಾಗಲ್ಲ. ಮೇ ತಿಂಗಳಲ್ಲಿ ನೂರಾರು ಜನಕ್ಕೆ ಫೋನ್ ಮಾಡಿ "ಸಾರ್ ನಿಮ್ಮ ಪ್ಯಾನ್ ನಂಬರ್ ಹೇಳಿ" ಅಂದ್ರೆ ಅರ್ಧ ಜನ ಮೋಸದ ಕಾಲ್ ಅಂತ ಕಟ್ ಮಾಡ್ತಾರೆ. ಸಣ್ಣ ಟ್ರಸ್ಟಿನ ಈ ಪಾಡು ನಿಜ. ಅದಕ್ಕೇ ಈಗ ನಾನು ದುಡ್ಡು ಹಾಕಿದ ಹತ್ತು ನಿಮಿಷದಲ್ಲಿ ಅವರ ಅಧಿಕೃತ ಈಮೇಲಿಗೆ ಇಷ್ಟು ಬರೀತೀನಿ:

"ನಮಸ್ಕಾರ. ಇವತ್ತು ನಿಮ್ಮ ಟ್ರಸ್ಟಿನ ಖಾತೆಗೆ ಇಷ್ಟು ರೂಪಾಯಿ ಕಳಿಸಿದ್ದೇನೆ, ವಹಿವಾಟು ಸಂಖ್ಯೆ ಇದು. ಪ್ಯಾನ್ ಕಾರ್ಡಿನಲ್ಲಿ ಇರುವಂತೆ ನನ್ನ ಹೆಸರು, ಪ್ಯಾನ್ ಸಂಖ್ಯೆ, ವಿಳಾಸ ಕೆಳಗಿದೆ. ದಯವಿಟ್ಟು ಟ್ರಸ್ಟಿನ ಪ್ಯಾನ್ ಮತ್ತು ಈಗ ಚಾಲ್ತಿಯಲ್ಲಿರುವ 80ಜಿ ಅನುಮೋದನೆಯ ಸಂಖ್ಯೆ ಇರುವ ರಸೀದಿ ಕಳಿಸಿ. ಮೇ 31ರೊಳಗೆ ಫಾರ್ಮ್ 10ಬಿಇ ಕೂಡ ಬೇಕು."

ಇದರಲ್ಲಿ ಬೇಡಿಕೊಳ್ಳೋದೂ ಇಲ್ಲ, ಗದರಿಸೋದೂ ಇಲ್ಲ. 10ಬಿಇ ಕೈಗೆ ಬಂದ ಮೇಲೆ ಪ್ಯಾನ್ ಮತ್ತು ಮೊತ್ತ ಎರಡನ್ನೂ ಅಕ್ಷರ ಅಕ್ಷರ ನೋಡ್ತೀನಿ. ತಪ್ಪಿದ್ದರೆ ಟ್ರಸ್ಟಿನವರು ತಿದ್ದಿದ ಪಟ್ಟಿ ಮತ್ತೆ ಸಲ್ಲಿಸಬಹುದು, ನಾವು ಪೆನ್ನಲ್ಲಿ ತಿದ್ದೋಕಾಗಲ್ಲ.

ಆ ವರ್ಷ ಜುಲೈ 31 ಹತ್ರ ಬಂದರೂ ನನ್ನ 10ಬಿಇ ಬರಲಿಲ್ಲ. ಸುಳ್ಳು ಸಂಖ್ಯೆ ತುಂಬೋ ಉಸಾಬರಿ ಬೇಡ ಅಂತ 80ಜಿ ಖಾಲಿ ಬಿಟ್ಟು, ಗಡುವಿನೊಳಗೇ ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕಿದೆ. ಹಾಗೆ ಹಾಕಿದ್ದನ್ನು ಆ ವರ್ಷ ಡಿಸೆಂಬರ್ 31ರವರೆಗೆ ಪರಿಷ್ಕರಿಸಬಹುದಿತ್ತು. ಆಗಸ್ಟಿನಲ್ಲಿ ಮ್ಯಾನೇಜರನ್ನು ಬಿಟ್ಟು ಟ್ರಸ್ಟಿನ ಕಾರ್ಯದರ್ಶಿಗೆ ನೇರ ಪತ್ರ ಬರೆದೆ. 106 ದಿನದ ಲೆಕ್ಕ ಆಗಿನ್ನೂ ಅಷ್ಟಾಗಿರಲಿಲ್ಲ, ಆದರೆ ದಿನಕ್ಕೆ 200 ಅನ್ನೋದನ್ನು ಬರೆದಿದ್ದೆ. ಅವರಿಗೆ ಆ ವಿಷಯವನ್ನು ಯಾರೂ ಹೇಳಿರಲಿಲ್ಲವಂತೆ.

ಸೆಪ್ಟೆಂಬರಿನಲ್ಲಿ 10ಬಿಇ ಬಂತು, ರಿಟರ್ನ್ ಪರಿಷ್ಕರಿಸಿದೆ. ಜೊತೆಗೆ ಅವರ ಲೆಕ್ಕ ಬರೆಯೋ ಹುಡುಗನಿಂದ ಒಂದು ಮೆಸೇಜು ಬಂತು: "ಸಾರ್, ನಿಮ್ಮದರ ಜೊತೆ ಇನ್ನೂ 112 ಜನರದ್ದು ಹಾಕಿದೀವಿ. 41 ಜನರ ಪ್ಯಾನ್ ಇಲ್ಲ, ಫೋನ್ ಮಾಡ್ತಾ ಇದೀನಿ. ಅವರ್ಯಾರೂ ಕೇಳಿರ್ಲಿಲ್ಲ ಸಾರ್."