ಅರ್ಥವಾಗದ ಕನ್ನಡವೂ ಇನ್ನೊಂದು ಸಂಸ್ಕೃತವೇ

ದೊಡ್ಡಬೆಳವಂಗಲದಲ್ಲಿ ಸಂಜೆ ಹೊತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿ 'ಅಭಿಸರಣೆ'ಯ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಅರೆಪ್ರವೇಶ್ಯ ಪೊರೆ, ಸಾರತೆ, ಅಣುಗಳ ಚಲನೆ ಎಲ್ಲವೂ ಇತ್ತು. "ಹಾಗಂದರೇನವ್ವಾ?" ಎಂದೆ. ತಲೆ ತಗ್ಗಿಸಿದಳು.

ಇದು ಅವಳ ತಪ್ಪಲ್ಲ. ಇಂಗ್ಲಿಷಿನ ವಾಕ್ಯವನ್ನು ಸಂಸ್ಕೃತದ ಪದಗಳಲ್ಲಿ ತುಂಬಿಸಿ ಅದನ್ನೇ ಕನ್ನಡವೆಂದು ಕೊಟ್ಟವರ ತಪ್ಪು. ದೇವಭಾಷೆಯ ಹಂಗು ಬಿಟ್ಟು ಆಡುನುಡಿಯಲ್ಲಿ ಅನುಭಾವ ಹೇಳಿದ ಶರಣರ ಮಕ್ಕಳು ನಾವು. ನಮ್ಮ ಶಾಲೆಯಲ್ಲೇ ಈ ಮಂತ್ರಪಠಣ ನಡೆಯಬೇಕೆ?

ಅದೇ ಪಾಠವನ್ನು ಹೀಗೆ ಮಾಡಿದೆವು. ಸೌತೆಕಾಯಿಯ ಎರಡು ಹೋಳು ತೆಗೆದುಕೊಂಡು, ಒಂದಕ್ಕೆ ಉಪ್ಪು ಸವರಿ, ಇನ್ನೊಂದನ್ನು ಹಾಗೇ ಬಿಟ್ಟೆವು. ಬೇರೊಂದು ತಟ್ಟೆಯಲ್ಲಿ ಬರೀ ಉಪ್ಪಿಟ್ಟೆವು. ಅರ್ಧ ಗಂಟೆಗೆ ಉಪ್ಪು ಸವರಿದ ಹೋಳು ನೀರು ಬಿಟ್ಟು ಮೆತ್ತಗಾಯಿತು. "ಉಪ್ಪು ಕರಗಿ ನೀರಾಯ್ತು" ಎಂದ ಒಬ್ಬ. ಬರೀ ಉಪ್ಪಿದ್ದ ತಟ್ಟೆ ಒಣಗಿಯೇ ಇತ್ತು. ಹಾಗಾದರೆ ನೀರು ಬಂದದ್ದು ಹೋಳಿನೊಳಗಿಂದ. ಕೋಸಂಬರಿಗೆ ಉಪ್ಪನ್ನು ಕೊನೆಗೇ ಹಾಕುವುದು ಯಾಕೆಂದು ಮಕ್ಕಳೇ ಹೇಳಿದರು. ಒಣದ್ರಾಕ್ಷಿಯನ್ನು ಬರೀ ನೀರಿನಲ್ಲಿ ನೆನೆಹಾಕಿದಾಗ ಇದರ ತಿರುವುಮುರುವು. ನೀರು ಒಳಗೆ ಹೋಗಿ ದ್ರಾಕ್ಷಿ ಉಬ್ಬಿತು.

ಆಮೇಲೆ ಹೇಳಿದೆ: ಜೀವಕೋಶದ ಪೊರೆ ನೀರನ್ನು ಬಿಡುತ್ತದೆ, ಉಪ್ಪು ಸಕ್ಕರೆಯನ್ನು ಸುಲಭವಾಗಿ ಬಿಡುವುದಿಲ್ಲ. ನೀರು ಎರಡೂ ಕಡೆಗೆ ಓಡಾಡುತ್ತದೆ, ಆದರೆ ಉಪ್ಪು ಹೆಚ್ಚಿರುವ ಕಡೆಗೆ ಹೆಚ್ಚು ಹೋಗುತ್ತದೆ. ಇದರ ಹೆಸರು ಅಭಿಸರಣೆ. ಪೊರೆಯೇ ಬೇಡದೆ, ನೀರಿಗೆ ಬಿದ್ದ ಶಾಯಿಯಂತೆ ತಾನೇ ಹರಡಿಕೊಂಡರೆ ಅದು ವಿಸರಣೆ. ಆಗ ಆ ಹುಡುಗಿಯೇ ಕೇಳಿದಳು: "ಯೂರಿಯಾ ಜಾಸ್ತಿ ಬಿದ್ದ ರಾಗಿ ಪೈರು, ನೆಲ ಹಸಿಯಿದ್ದರೂ ಸುಟ್ಟುಹೋಗುವುದು ಇದಕ್ಕೇನಾ?" ಹೌದು, ಇದಕ್ಕೇ. ಗೊಬ್ಬರ ಕರಗಿದ ನೀರು ಗಟ್ಟಿಯಾದರೆ ಬೇರಿಗೆ ಅದನ್ನು ಹೀರಲಾಗದು, ಬೇರಿನ ನೀರೇ ಹೊರಗೆ ಹೋಗುತ್ತದೆ.

ಸರಳ ಮಾಡಿದರೆ ಪರೀಕ್ಷೆಯಲ್ಲಿ ಮಕ್ಕಳು ಸೋಲುತ್ತಾರೆ ಎನ್ನುವವರಿದ್ದಾರೆ. ಪಾರಿಭಾಷಿಕ ಪದವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೂ ಮುಂದಿನ ಓದಿಗೂ ಅದು ಬೇಕು. ಆದರೆ ಮೊದಲು ಹೋಳು, ಆಮೇಲೆ ಹೆಸರು. ಸರಳತೆಯ ಹೆಸರಲ್ಲಿ "ಉಪ್ಪು ನೀರನ್ನು ಎಳೆಯುತ್ತದೆ" ಎಂದಷ್ಟೇ ಬರೆದು ಪೊರೆಯನ್ನು ಮರೆತರೆ ಅದೂ ಮೋಸವೇ. ಅಲ್ಲಿಗೆ ಅಭಿಸರಣೆಗೂ ವಿಸರಣೆಗೂ ವ್ಯತ್ಯಾಸ ಉಳಿಯುವುದಿಲ್ಲ.

1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಪತ್ರಿಕೆಯನ್ನು ಕನ್ನಡದಲ್ಲಿ ತಂದರು. ನೂರು ವರ್ಷ ದಾಟಿದರೂ ನಾವು ಇನ್ನೂ "ಮಾಡಲ್ಪಡುತ್ತದೆ" ಎಂದು ಬರೆಯುತ್ತಿದ್ದೇವೆ. ಶಾಲೆ, ಪ್ರಸಾದನಿಲಯ ನಡೆಸುವ ಮಠಗಳಿಗೆ ನನ್ನ ಬೇಡಿಕೆ ಒಂದೇ. ಯಾವ ಅನುವಾದವನ್ನೂ ಅಚ್ಚಿಗೆ ಕಳಿಸುವ ಮೊದಲು ಹಳ್ಳಿಯ ಒಂದು ತರಗತಿಯಲ್ಲಿ ಓದಿಸಿ, ಪುಸ್ತಕ ಮುಚ್ಚಿ, ಮಗುವಿನ ಮಾತಿನಲ್ಲಿ ಹೇಳಿಸಿ. ಮಗು ಪುಸ್ತಕದ ವಾಕ್ಯವನ್ನೇ ಒಪ್ಪಿಸಿದರೆ ಆ ಪುಟವನ್ನು ಮತ್ತೆ ಬರೆಯಿರಿ.